ಬಿ-304 ಫ್ಲ್ಯಾಟ್ ಮಾರಾಟಕ್ಕೆ ಎನ್‌ಒಸಿ ಕೋರಿ

ಬೆಳಗಾವಿ, 4 ಆಗಸ್ಟ್ 2025

ಸೆಕ್ರೆಟರಿ ಕಾಕಾ, ನಮಸ್ಕಾರ. ಈ ಪತ್ರವನ್ನು ಅಧ್ಯಕ್ಷರಿಗೂ ಕಮಿಟಿಯವರಿಗೂ ತೋರಿಸಿ.

ನಮ್ಮ 304 ಮಾರುತ್ತಿದ್ದೇವೆ. ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಇದ್ದಾರೆ, ಮೊಣಕಾಲು ನೋವು ಜಾಸ್ತಿ ಆಗಿದೆ. ನಮ್ಮಲ್ಲಿ ಲಿಫ್ಟ್ ಇಲ್ಲ ಅಲ್ವಾ, ಹಾಲು ತರಲು ಕೆಳಗೆ ಇಳಿದರೆ ಮತ್ತೆ ಮೂರು ಮಹಡಿ ಹತ್ತುವಾಗ ಪ್ರತಿ ತಿರುವಿನಲ್ಲೂ ಕಟಕಟೆ ಹಿಡಿದು ನಿಲ್ಲುತ್ತಾರೆ. ಅದಕ್ಕೇ ಬೈಲಹೊಂಗಲದಲ್ಲಿ ಅಣ್ಣನ ಮನೆಗೆ ಕರೆದುಕೊಂಡು ಹೋಗುತ್ತಿದ್ದೇವೆ.

ಕೊಳ್ಳುವವರು ಖಾನಾಪುರ ಕಡೆಯ ಮಾಸ್ತರು, ಸಂಸಾರಸ್ಥರು, ತಾವೇ ಬಂದು ಇರುತ್ತಾರೆ, ಬಾಡಿಗೆಗೆ ಕೊಡುವುದಿಲ್ಲ. ಕರಾರು ಆಗಿದೆ, 2 ಲಕ್ಷ ಅಡ್ವಾನ್ಸ್ ಕೊಟ್ಟಿದ್ದಾರೆ. ಅವರ ಬ್ಯಾಂಕ್ ಸಾಲ ಮಂಜೂರು ಮಾಡಿದೆ, ಆದರೆ ಸೊಸೈಟಿಯ ಎನ್‌ಒಸಿ ಕೈಗೆ ಸಿಗದೆ ಚೆಕ್ ಕೊಡುವುದಿಲ್ಲ ಅನ್ನುತ್ತಿದೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ 25ಕ್ಕೆ, ಗಣಪತಿ ಹಬ್ಬಕ್ಕೆ ಎರಡು ದಿನ ಮುಂಚೆ. ಹಾಗಾಗಿ ಪತ್ರ 18ರ ಒಳಗೆ ಬೇಕು. 10ನೇ ತಾರೀಖು ಭಾನುವಾರ ಕಮಿಟಿ ಮೀಟಿಂಗ್ ಇದೆಯಲ್ಲ, ದಯವಿಟ್ಟು ಅವತ್ತೇ ತೆಗೆದುಕೊಳ್ಳಿ. ಅದು ತಪ್ಪಿದರೆ ಮುಂದಿನದು ಸೆಪ್ಟೆಂಬರ್, ಆಮೇಲೆ ಮಾಸ್ತರರ ಸಾಲವೂ ಅಡ್ವಾನ್ಸ್ ಮಾತೂ ಎರಡೂ ಗೋಜಲಾಗುತ್ತವೆ.

ಪತ್ರ ಸೊಸೈಟಿ ಲೆಟರ್‌ಹೆಡ್ ಮೇಲೆ, ಸಹಿ ಸಿಕ್ಕಾ ಹಾಕಿ ಇರಬೇಕಂತೆ. 304ರ ಮೇಲೆ ಬಾಕಿ ಇಲ್ಲ, ಮಾರಾಟಕ್ಕೂ ಕೊಳ್ಳುವವರ ಹೆಸರಿಗೆ ಷೇರ್ ವರ್ಗಾಯಿಸುವುದಕ್ಕೂ ಅಭ್ಯಂತರವಿಲ್ಲ ಎಂದು ಬರೆದರೆ ಸಾಕು. ಕೆಳಗಿನ 17ನೇ ಪಾರ್ಕಿಂಗ್ ಜಾಗ ಇದೇ ಫ್ಲ್ಯಾಟಿಗೆ ಸೇರಿದ್ದು ಎಂದೂ ಒಂದು ಸಾಲು ಬರೆಯಿರಿ. ಈ ಜಾಗದ ಬಗ್ಗೆ ಮುಂದೆ ಯಾರಿಗೂ ತಕರಾರು ಆಗಬಾರದು.

ಬಾಕಿ ಬಗ್ಗೆ ಒಂದು ಮಾತು. ಮೇಂಟೆನೆನ್ಸ್ ಈ ತಿಂಗಳವರೆಗೂ ಕಟ್ಟಿದ್ದೇನೆ. ಆದರೆ ನಿಮ್ಮ ಲೆಡ್ಜರಿನಲ್ಲಿ 2023ರ ಮೇ ತಿಂಗಳ ಟ್ಯಾಂಕರ್ ನೀರಿನ 2,400 ರೂಪಾಯಿ ಇನ್ನೂ ತೋರಿಸುತ್ತಿದೆ. ಅದನ್ನು ಅಪ್ಪ ಆಗಲೇ ನಗದು ಕೊಟ್ಟಿದ್ದಾರೆ. ಅವರ ಡೈರಿಯಲ್ಲಿ ಮಡಚಿಟ್ಟಿದ್ದ ರಸೀದಿ ಸಿಕ್ಕಿದೆ, ನಂಬರ್ 118, ಖಜಾಂಚಿಯವರ ಸಹಿ ಇದೆ, ಅಂಚಿನಲ್ಲಿ ಅಪ್ಪನ ಕೈಬರಹದಲ್ಲಿ ‘ಕೊಟ್ಟೆ’ ಎಂದೂ ಇದೆ. ನನಗೆ 2,400 ದೊಡ್ಡದಲ್ಲ, ಆದರೆ ಅವರು ಕಟ್ಟಿಲ್ಲ ಅನ್ನಿಸಿಕೊಳ್ಳುವುದು ಬೇಡ. ಒಮ್ಮೆ ನೋಡಿ ಸರಿಪಡಿಸಿ. ವರ್ಗಾವಣೆ ಶುಲ್ಕ ಎಷ್ಟೆಂದು ಹೇಳಿದರೆ ಅವತ್ತೇ ಕಟ್ಟುತ್ತೇನೆ, ರಸೀದಿ ಮಾತ್ರ ಬೇಕು.

ಷೇರ್ ಸರ್ಟಿಫಿಕೇಟ್, ಅಮ್ಮ-ಅಣ್ಣನ ಹಕ್ಕು ಬಿಡುಗಡೆ ಪತ್ರ, ನನ್ನ ಹೆಸರಿನ ಇ-ಆಸ್ತಿ ಖಾತೆ, ಪಾಲಿಕೆಯ ತೆರಿಗೆ ರಸೀದಿ, ಕರಾರು ಪತ್ರ, 118ರ ರಸೀದಿ, ಎಲ್ಲದರ ಜೆರಾಕ್ಸ್ ಜೊತೆಗಿಟ್ಟಿದ್ದೇನೆ. ಮೂಲ ಪ್ರತಿಗಳನ್ನು ಭಾನುವಾರ ನಾನೇ ತರುತ್ತೇನೆ, ಮಾಸ್ತರರೂ ನಿಮ್ಮನ್ನೆಲ್ಲ ಭೇಟಿಯಾಗಲು ಬರುತ್ತಾರೆ.

ಇಂತಿ,
ಬಿ-304ರ ಮಾಲೀಕ, ನಿಮ್ಮ ಸ್ನೇಹಿತರ ಕಿರಿಮಗ