ಒಂದೂವರೆ ಮೊಳದ ಜಾಗ

ರಾತ್ರಿ ಊಟದ ಕೊನೆಯ ಪಂಕ್ತಿಯವರು ಇನ್ನೂ ಕೈ ತೊಳೆಯುತ್ತಿದ್ದರು. ಅಜ್ಜಿ ಆಗಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುಮನೆಯ ಮಧ್ಯೆ ನಿಂತಿದ್ದಳು.

"ಚಿನ್ನಿ, ಒಳಗಿರೋ ಚಾಪೆ ಎಲ್ಲಾ ತಗೊಂಡು ಬಾ. ಹರಿದಿರೋದನ್ನೂ ಬಿಡಬೇಡ."

ಮರುದಿನ ಹಬ್ಬ. ಮನೆಯವರೂ ಬಂದವರೂ ಸೇರಿ 27 ಮಂದಿ. ಮನೆಯಲ್ಲಿ ಇದ್ದದ್ದು ಎರಡು ಕೋಣೆ, ಒಂದು ನಡುಮನೆ, ಅಡುಗೆಮನೆ, ಮುಂದೆ ಜಗಲಿ. ಮಂಚ ಮೂರು. ಅದರಲ್ಲಿ ಒಂದು ಅಜ್ಜಿಯದು, ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. ತನ್ನ ಮಂಚವನ್ನು ಅವಳು ಯಾರಿಗೂ ಬಿಡುತ್ತಿರಲಿಲ್ಲ. ಯಾರಾದರೂ ಆ ಕಡೆ ನೋಡಿದರೂ ಸಾಕು, "ನಾನು ನೆಲದ ಮೇಲೆ ಮಲಗಿ ಬೆಳಿಗ್ಗೆ ಸೊಂಟ ಹಿಡ್ಕೊಂಡು ಕೂತ್ರೆ ಹಬ್ಬ ಮಾಡೋರು ಯಾರು?" ಎನ್ನುತ್ತಿದ್ದಳು. ಅವಳ ಈ ಗುಣ ನನಗೆ ಇವತ್ತಿಗೂ ಇಷ್ಟ. ಹಿರಿಯರು ಎಲ್ಲ ಬಿಟ್ಟುಕೊಟ್ಟು ಮೂಲೆಯಲ್ಲಿ ಮುದುಡಿಕೊಂಡರೆ ಉಳಿದವರಿಗೆ ನಿದ್ದೆ ಬರುತ್ತದಾ?

ನನಗೆ ಆಗ ಹದಿಮೂರು ವರ್ಷ. ಹಾಸಿಗೆ ಹೊರುವುದು, ದಿಂಬು ಎಣಿಸುವುದು ನನ್ನ ಕೆಲಸ. ದಿಂಬು ಹದಿನಾಲ್ಕೇ ಇದ್ದವು. "ಹಳೇ ಸೀರೆ ಮಡಚಿ ಚೀಲಕ್ಕೆ ತುಂಬು. ಗಂಟು ಮೇಲೆ ಬರ್ಬಾರ್ದು, ಕಿವಿಗೆ ಒತ್ತುತ್ತೆ" ಎಂದಳು ಅಜ್ಜಿ. ನಾನು ತುಂಬಿದ ಒಂದೊಂದು ದಿಂಬನ್ನೂ ಅಂಗೈಯಿಂದ ಒತ್ತಿ ನೋಡಿದಳು. ಎರಡನ್ನು ಬಿಚ್ಚಿಸಿ ಮತ್ತೆ ತುಂಬಿಸಿದಳು.

ಅಳತೆಗೆ ಅವಳ ಹತ್ತಿರ ಇದ್ದದ್ದು ಕೈ ಮಾತ್ರ. ಒಬ್ಬರಿಗೆ ಒಂದೂವರೆ ಮೊಳ ಅಗಲ. ನಡುಮನೆ ಉದ್ದಕ್ಕೆ ಹದಿನೈದು ಮೊಳ, ಅಡ್ಡಕ್ಕೆ ಒಂಬತ್ತು. ಎರಡು ಸಾಲು. ತಲೆ ಗೋಡೆ ಕಡೆ, ಕಾಲು ನಡುವಿಗೆ. ಎರಡು ಸಾಲಿನ ಕಾಲುಗಳ ಮಧ್ಯೆ ನಡೆಯಲು ಒಂದು ಮೊಳ ದಾರಿ. ಆ ದಾರಿ ಮಾತ್ರ ಯಾರೂ ಮುಟ್ಟುವಂತಿಲ್ಲ. "ಕತ್ತಲಲ್ಲಿ ಎದ್ದೋರು ಇನ್ನೊಬ್ಬರ ಹೊಟ್ಟೆ ಮೇಲೆ ಕಾಲಿಟ್ರೆ ನಾಳೆ ಪೂರ್ತಿ ಅದೇ ಮಾತು."

ಜಾಗ ಅಳೆಯುವುದು ಸುಲಭ. ಯಾರ ಪಕ್ಕ ಯಾರು ಅನ್ನುವುದು ಕಷ್ಟ. ಅಜ್ಜಿಯ ಜಾಣತನ ಇದ್ದದ್ದು ಅಲ್ಲೇ.

ದೊಡ್ಡಪ್ಪ ತಲೆ ಇಟ್ಟ ಕೂಡಲೇ ಗೊರಕೆ ಶುರು. ಅವರ ಪಕ್ಕ ಕಿವಿ ಕೇಳದ ಮಾವನನ್ನು ಹಾಕಿದಳು. ರಾತ್ರಿ ಎರಡು ಮೂರು ಸಲ ಎದ್ದು ಹೋಗುವ ಅಳಿಯಂದಿರಿಗೆ ಹಿತ್ತಲ ಬಾಗಿಲ ಹತ್ತಿರ ಜಾಗ. ತಲೆದೆಸೆಯಲ್ಲಿ ಒಂದು ಟಾರ್ಚು. ಅದನ್ನು ಅವರ ಕೈಗೆ ಕೊಡಲಿಲ್ಲ, ಏನೂ ಹೇಳಲಿಲ್ಲ, ಸುಮ್ನೆ ದಿಂಬಿನ ಪಕ್ಕ ಇಟ್ಟು ಬಂದಳು. ನಿದ್ದೆಯಲ್ಲಿ ಒದೆಯುವ ಸಣ್ಣ ಹುಡುಗನನ್ನು ಗೋಡೆಗೆ ಒತ್ತಿಸಿ, ಈ ಕಡೆ ಸುತ್ತಿದ ಜಮಖಾನ ಅಡ್ಡ ಇಟ್ಟಳು. ಮೊಣಕಾಲು ನೋವಿನ ದೊಡ್ಡತ್ತೆಗೆ ಮಂಚ. ಎದೆಹಾಲು ಕುಡಿಯುವ ಕೂಸಿದ್ದ ಅಕ್ಕನಿಗೂ ಅವಳ ಅಮ್ಮನಿಗೂ ಒಳಕೋಣೆ. ಕೂಸು ಅತ್ತರೆ ನಾಚಿಕೆಪಡದೆ ಅಳಲಿ ಎಂದು ಬಾಗಿಲು ಹಾಕಿಕೊಳ್ಳಲು ಹೇಳಿದಳು.

ನಡುಮನೆಯಲ್ಲಿ ಫ್ಯಾನು ಒಂದೇ. ಅದರ ಕೆಳಗಿನ ಜಾಗಕ್ಕೆ ಚಿಕ್ಕಪ್ಪ ಆಗಲೇ ಟವೆಲ್ ಹಾಸಿ ಮಲಗಿದ್ದ.

"ಏಳೋ."

"ಅಮ್ಮಾ, ಸೆಖೆ."

"ಬೆಳಿಗ್ಗೆಯಿಂದ ಒಲೆ ಮುಂದೆ ನಿಂತಿದ್ದು ನೀನಾ?"

ಚಿಕ್ಕಪ್ಪ ಎದ್ದ. ಟವೆಲ್ ಹೆಗಲಿಗೆ ಹಾಕಿಕೊಂಡು ಜಗಲಿಗೆ ಹೋದ. ಫ್ಯಾನಿನ ಕೆಳಗೆ ಅಮ್ಮ, ಚಿಕ್ಕಮ್ಮ, ಹೊಸ ಅತ್ತಿಗೆ. ಅತ್ತಿಗೆ ಮದುವೆಯಾಗಿ ಬಂದ ಮೇಲೆ ಅದೇ ಮೊದಲ ಹಬ್ಬ. ಅವಳು ತನ್ನ ಚಾಪೆಯನ್ನು ಅವಳತ್ತೆಯ ಪಕ್ಕಕ್ಕೆ ತಂದಿದ್ದಳು. ಅಜ್ಜಿ ಅದನ್ನು ಎತ್ತಿ ಇತ್ತ ತಂದು ನಮ್ಮ ಚಿಕ್ಕಮ್ಮನ ಪಕ್ಕ ಹಾಸಿದಳು. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. "ಅಲ್ಲಿ ಮಲಗಿದ್ರೆ ರಾತ್ರಿಯೆಲ್ಲಾ ಸೆರಗು ಸರಿ ಮಾಡ್ಕೊಂಡೇ ಇರ್ತಾಳೆ. ಇವತ್ತಾದ್ರೂ ಕಾಲು ಚಾಚಲಿ" ಎಂದು ನನಗಷ್ಟೇ ಕೇಳುವ ಹಾಗೆ ಹೇಳಿದಳು.

ಅಡುಗೆಮನೆಯಲ್ಲಿ ಮೂವರು. ಮೂರು ಗಂಟೆಗೆ ಎದ್ದು ಹಬ್ಬದ ಅಡುಗೆ ಹೂಡಬೇಕಾದವರು. ಎದ್ದವರು ಬೇರೆಯವರನ್ನು ದಾಟಿ ಬರಬೇಕಿಲ್ಲವಲ್ಲ.

ಉಳಿದದ್ದು ನಾನು. ಪ್ರತಿ ವರ್ಷ ನಾನು ಮಕ್ಕಳ ರಾಶಿಯಲ್ಲಿ ಮಲಗುತ್ತಿದ್ದೆ. ಎರಡು ಚಾಪೆಗೆ ಐದು ಮಕ್ಕಳು, ಮೇಲೊಂದು ಕಂಬಳಿ. ಆ ವರ್ಷ ನನಗೆ ಅದು ಬೇಡವಾಗಿತ್ತು. ಹೆಂಗಸರ ಸಾಲಿನಲ್ಲಿ ಮಲಗಿ ಅವರ ಮಾತು ಕೇಳುತ್ತಾ ಕಣ್ಣು ಮುಚ್ಚಿಕೊಂಡಿರುವುದೂ ಬೇಡ. ಯಾಕೆ ಎಂದು ಕೇಳಿದ್ದರೆ ಹೇಳಲು ನನಗೆ ಬರುತ್ತಿರಲಿಲ್ಲ. ಯಾರಿಗೂ ಹೇಳಿಯೂ ಇರಲಿಲ್ಲ. ದಿಂಬು ಹಿಡಿದುಕೊಂಡು ದಾರಿಯಲ್ಲಿ ನಿಂತಿದ್ದೆ, ಅಷ್ಟೇ.

ಅಜ್ಜಿ ನನ್ನ ಮುಖ ನೋಡಿದಳು. ಆಮೇಲೆ ಗೋಡೆಗಿದ್ದ ಕಬ್ಬಿಣದ ಟ್ರಂಕಿನ ಒಂದು ಹಿಡಿ ಹಿಡಿದು, "ಆ ಕಡೆ ಹಿಡಿ" ಎಂದಳು. ಇಬ್ಬರೂ ಎಳೆದೆವು. ಸಾಲಿನ ತುದಿಯಲ್ಲಿ, ಕಿಟಕಿಯ ಕೆಳಗೆ, ಟ್ರಂಕು ಗೋಡೆಯ ಹಾಗೆ ಅಡ್ಡ ಕೂತಿತು. ಅದರಾಚೆ ಎಂಟು ಜನ, ಈಚೆ ನಾನೊಬ್ಬಳೇ. ಚಾಪೆ ಹಾಸಿದರೆ ಪಕ್ಕದಲ್ಲಿ ಒಂದು ಗೇಣು ಮಿಕ್ಕುತ್ತಿತ್ತು. ಅಲ್ಲಿ ನನ್ನ ನೀರಿನ ಲೋಟ ಇಟ್ಟಳು.

"ಇದು ನಿಂದು" ಎಂದಳು. ಬೇರೆ ಏನೂ ಹೇಳಲಿಲ್ಲ.

ದೀಪ ಆರಿಸಿದರು. ದೊಡ್ಡಪ್ಪನ ಗೊರಕೆ ಶುರುವಾಯಿತು. ಟ್ರಂಕಿಗೆ ಬೆನ್ನು ತಾಗಿದರೆ ತಣ್ಣಗೆ ಹಾಯೆನಿಸುತ್ತಿತ್ತು. ಕಣ್ಣು ಹತ್ತುವಷ್ಟರಲ್ಲಿ ಜಗಲಿಯಲ್ಲಿ ನಾಯಿ ಬೊಗಳಿತು. ಆಮೇಲೆ ಚಿಕ್ಕಪ್ಪನ ದನಿ. "ಅಮ್ಮಾ, ಬಾ ಇಲ್ಲಿ. ಯಾರು ಬಂದಿದ್ದಾರೆ ನೋಡು."

ಬಂದವರು ಅಜ್ಜಿಯ ತಮ್ಮ. ಏಳು ವರ್ಷದ ಹಿಂದೆ ಹಣದ ವಿಷಯಕ್ಕೆ ಮಾತು ಬೆಳೆದು ಎದ್ದು ಹೋದವರು ಮತ್ತೆ ಈ ಹೊಸ್ತಿಲು ತುಳಿದಿರಲಿಲ್ಲ. ಮದುವೆಗೆ ಕರೆದರೂ ಇಲ್ಲ, ತಾತ ಹೋದಾಗ ಬಂದವರು ಅಂಗಳದಿಂದಲೇ ಹಿಂದೆ ಹೋಗಿದ್ದರು. ಈಗ ಹನ್ನೊಂದೂವರೆಗೆ ಜಗಲಿಯಲ್ಲಿ ನಿಂತಿದ್ದರು. ಕೈಯಲ್ಲಿದ್ದ ಚೀಲ ಕೆಳಗಿಟ್ಟಿರಲಿಲ್ಲ.

"ಬೆಳಿಗ್ಗೆನೇ ಹೊರಟೆ ಅಕ್ಕ. ಬಸ್ಸು ದಾರೀಲಿ ಕೆಟ್ಟು ನಿಂತುಬಿಡ್ತು."

ಅಜ್ಜಿ ಅವರ ಕೈಯಿಂದ ಚೀಲ ತೆಗೆದುಕೊಂಡಳು. "ಕಾಲು ತೊಳ್ಕೋ. ಊಟ ಇದೆ."

ಅವರು ತಟ್ಟೆ ಮುಂದೆ ಕೂತಾಗ ಈ ಕಡೆ ಜಾಗದ ಮಾತು ಶುರುವಾಯಿತು. ಅರ್ಧ ಎದ್ದವರು, ಅರ್ಧ ನಿದ್ದೆಯಲ್ಲಿದ್ದವರು.

"ಜಗಲೀಲಿ ಒಂದು ಚಾಪೆ ಹಾಕಿದ್ರಾಯ್ತು" ಎಂದ ಚಿಕ್ಕಪ್ಪ.

ಅವರೂ ಊಟ ಮಾಡುತ್ತಲೇ ಅಲ್ಲಿಂದ, "ಹೌದು ಅಕ್ಕ, ನನಗೆ ಜಗಲಿನೇ ಸಾಕು" ಎಂದರು.

"ಏಳು ವರ್ಷ ಹೊರಗಿದ್ದಿದ್ದು ಸಾಕು" ಎಂದಳು ಅಜ್ಜಿ. ಜೋರಾಗೇನೂ ಹೇಳಲಿಲ್ಲ. ಆದರೆ ಆಮೇಲೆ ಜಗಲಿಯ ಮಾತು ಯಾರೂ ಎತ್ತಲಿಲ್ಲ.

ದೊಡ್ಡಪ್ಪ ಎದ್ದು ಕೂತು ಸುತ್ತ ನೋಡಿದರು. "ಚಿನ್ನಿಯ ಆ ಮೂಲೆ ಇದೆಯಲ್ಲಾ. ಅವಳನ್ನ ಮಕ್ಕಳ ಜೊತೆ ಹಾಕಿ. ಮಕ್ಕಳು ಎಲ್ಲಾದ್ರೂ ಮಲಗ್ತಾರೆ."

ನಾನು ಆಗಲೇ ದಿಂಬು ಕೈಗೆ ತೆಗೆದುಕೊಂಡಿದ್ದೆ. ಹಿರಿಯರು ಬಂದಾಗ ಮಕ್ಕಳು ಏಳಬೇಕು, ಅದು ಗೊತ್ತಿದ್ದದ್ದೇ ಅಲ್ವಾ. ಗಂಟಲು ಮಾತ್ರ ಕಟ್ಟಿಕೊಂಡಿತ್ತು.

"ಆ ಜಾಗ ಅವಳಿಗೆ ಕೊಟ್ಟಾಯ್ತು" ಎಂದಳು ಅಜ್ಜಿ. "ಮಲ್ಕೋ ಚಿನ್ನಿ."

"ಮತ್ತೆ ಇವನನ್ನ ಎಲ್ಲಿ ಹಾಕ್ತೀಯಮ್ಮಾ?"

"ದೀಪ ಹಾಕಿ."

ದೀಪ ಹಾಕಿದರು. ನಮ್ಮ ಸಾಲಿನ ಎಂಟೂ ಜನ ಕಣ್ಣು ಕಿರಿದು ಮಾಡಿಕೊಂಡು ಎದ್ದು ಕೂತರು. ಅಜ್ಜಿ ದಾರಿಯಲ್ಲಿ ನಿಂತು ಒಮ್ಮೆ ಆ ತುದಿಯಿಂದ ಈ ತುದಿಗೆ ನೋಡಿದಳು.

"ಎಲ್ಲರೂ ನಾಲ್ಕು ಬೆರಳು ಸರೀರಿ. ನಾಲ್ಕೇ ಬೆರಳು. ಯಾರಿಗೂ ನೋವಾಗಲ್ಲ."

ಸರಿದರು. ಅಪ್ಪ ಸರಿದರು, ದೊಡ್ಡಪ್ಪ ಗೊಣಗುತ್ತಾ ಸರಿದರು, ಕಿವಿ ಕೇಳದ ಮಾವನಿಗೆ ಅಜ್ಜಿ ಕೈಸನ್ನೆ ಮಾಡಿ ಬೆರಳು ತೋರಿಸಿದಳು. ಅಪ್ಪನಿಗೂ ಮಾವನಿಗೂ ನಡುವೆ ನೆಲ ಕಾಣತೊಡಗಿತು. ಅಜ್ಜಿ ಬಗ್ಗಿ ಮೊಳ ಹಾಕಿದಳು. 24 ಬೆರಳಿಗೆ ಒಂದು ಮೊಳ, ಒಂದೂವರೆ ಮೊಳಕ್ಕೆ 36. ಎಂಟು ಜನ ಸರಿದದ್ದು 32.

"ನಾಲ್ಕು ಬೆರಳು ಸಾಲ್ದು" ಎಂದಳು ತನ್ನಷ್ಟಕ್ಕೆ. ಮತ್ತೆ ಆ ತುದಿಯಿಂದ ನೋಡತೊಡಗಿದಳು. ನನ್ನ ಕಡೆ ಮಾತ್ರ ನೋಡಲಿಲ್ಲ.

ನಾನು ಎದ್ದು ನೀರಿನ ಲೋಟವನ್ನು ಕಿಟಕಿಗೆ ಎತ್ತಿಟ್ಟೆ. ಟ್ರಂಕಿನ ಹಿಡಿ ಹಿಡಿದು ನನ್ನ ಕಡೆಗೆ ಎಳೆದೆ. ಕಬ್ಬಿಣ ನೆಲಕ್ಕೆ ಉಜ್ಜಿ ಕಿರ್ ಎಂದಿತು. ಬೆರಳಿಟ್ಟು ನೋಡಿದೆ, ಮೂರು. ಇನ್ನೊಮ್ಮೆ ಎಳೆದೆ. ಸಾಲು ಒಬ್ಬರ ಹಿಂದೊಬ್ಬರಂತೆ ಈ ಕಡೆಗೆ ಸರಿಯಿತು.

"ಸಾಕು, ಸಾಕು" ಎಂದಳು ಅಜ್ಜಿ. "ಜಾಸ್ತಿ ಬೇಡ."

ಚಿಕ್ಕಜ್ಜ ಬಂದರು. ಹಾಸಿದ ಚಾಪೆಯ ಅಂಚಿನಲ್ಲಿ ಕೂತರು. ಯಾವ ಕಡೆ ತಿರುಗಿದರೂ ಒಬ್ಬರ ಭುಜ ತಾಗುತ್ತಿತ್ತು. ಮಲಗುವುದೋ ಬೇಡವೋ ಎನ್ನುವ ಹಾಗೆ ಕೈ ಕಟ್ಟಿಕೊಂಡಿದ್ದರು. ಅಷ್ಟರಲ್ಲಿ ಮಾವ ಈ ಕಡೆ ಹೊರಳಿದರು. ಮುಖ ನೋಡಿದರು. ಕಿವಿ ಕೇಳದವರ ದನಿ ಗೊತ್ತಲ್ಲ, ಜಗಲಿಗೂ ಕೇಳುವ ಹಾಗೆ, "ಅರೆ! ಯಾವಾಗ ಬಂದ್ಯೋ?" ಎಂದರು.

ಒಳಕೋಣೆಯಲ್ಲಿ ಕೂಸು ಎದ್ದು ಅಳತೊಡಗಿತು. ಮಕ್ಕಳ ರಾಶಿಯಿಂದ ಎರಡು ತಲೆ ಮೇಲೆದ್ದವು. ಯಾರೋ ನಕ್ಕರು. ಆಮೇಲೆ ಸಾಲಿಡೀ ನಕ್ಕಿತು, ದೊಡ್ಡಪ್ಪ ಕೂಡ. ಚಿಕ್ಕಜ್ಜ ಮಾವನ ಕಿವಿಗೆ ಬಾಯಿಟ್ಟು, "ಈಗ ಬಂದೆ ಭಾವ, ಈಗ" ಎಂದು ಕೂಗಿ ಹೇಳಿದರು.

"ನಾಳೆ ಮಾತಾಡಿ. ಈಗ ಎಲ್ರೂ ಬಿದ್ಕೊಳ್ಳಿ" ಎಂದಳು ಅಜ್ಜಿ. ದೀಪ ಆರಿಸಲು ಕೈ ಎತ್ತಿದಾಗ ಚಿಕ್ಕಪ್ಪ ಫೋನು ಹಿಡಿದುಕೊಂಡು ಒಳಗೆ ಬಂದ. ಮುಖ ಸಪ್ಪಗಿತ್ತು.

"ಅಮ್ಮಾ, ದೊಡ್ಡತ್ತೆಯ ಮಕ್ಕಳು. ಟಿಕೆಟ್ ಸಿಕ್ತಂತೆ, ಇಬ್ಬರೂ ಬರ್ತಿದ್ದಾರೆ. ಇಲ್ಲಿಗೆ ತಲುಪೋವಾಗ ಮೂರೂವರೆ ಆಗುತ್ತಂತೆ. ಏನು ಹೇಳಲಿ?"

ಅಜ್ಜಿ ತನ್ನ ಕೋಣೆಯ ಕಡೆ ಹೊರಟಿದ್ದಳು. ನಿಂತೂ ಯೋಚಿಸಲಿಲ್ಲ.

"ಬರ್ಲಿ. ಮೂರಕ್ಕೆ ಅಡುಗೆಮನೆಯೋರು ಏಳ್ತಾರೆ. ಚಾಪೆ ಮಡಚದೆ ಇಲ್ಲಿ ಬಾಗಿಲ ಹತ್ರ ಹಾಸಿಡೋಕೆ ಹೇಳು. ಮತ್ತೆ ಬಂದೋರಿಗೆ ಹೇಳು, ದಾರೀಲಿ ಮಾತ್ರ ಮಲಗ್ಬಾರ್ದು."