ರೆಡಿಂಗ್ ರಾಜ್ಯೋತ್ಸವ ಕೂಟ: ಸ್ವಾಗತದ ಮಾತು

ಎಲ್ಲರಿಗೂ ನಮಸ್ಕಾರ. ಬನ್ನಿ, ಬರ್ರಿ, ಬನ್ನಿ ಮಾರಾಯ್ರೆ! ಬಾಗಿಲ ಹತ್ತಿರ ನಿಂತಿರುವವರೂ ಒಳಗೆ ಬನ್ನಿ, ಮುಂದೆ ಕುರ್ಚಿಗಳು ಖಾಲಿ ಇವೆ. ಕೋಟು, ಟೋಪಿ ಎಲ್ಲ ಹಿಂದಿನ ಮೇಜಿನ ಮೇಲಿಡಿ. ಚಹಾ ಬಿಸಿಯಾಗಿದೆ. ಕಾಫಿ ಬೇಕು ಅನ್ನುವವರಿಗೆ ಫಿಲ್ಟರ್ ಕಾಫಿಯೂ ಇದೆ.

ನಾನು ಗದಗದವಳು. ಇಂಗ್ಲೆಂಡಿಗೆ ಬಂದು ಹನ್ನೊಂದು ವರ್ಷವಾಯಿತು. ಬಂದ ಹೊಸತರಲ್ಲಿ ಪಕ್ಕದ ಬೀದಿಯಲ್ಲಿ ಪುತ್ತೂರಿನ ಅಕ್ಕ ಒಬ್ಬರಿದ್ದಾರೆ ಅಂತ ಗೊತ್ತಾಗಿ ಓಡಿ ಹೋಗಿದ್ದೆ. ಅಡುಗೆಗೆ ಕೈ ಜೋಡಿಸೋಣ ಅಂತ "ಉಳ್ಳಾಗಡ್ಡಿ ಎಲ್ಲಿಟ್ಟೀರಿ?" ಅಂದೆ. ಅವರು ನನ್ನ ಮುಖ ನೋಡಿದರು. ಕೊನೆಗೆ ನಾನೇ ಬುಟ್ಟಿಯಿಂದ ಎತ್ತಿ ತೋರಿಸಿದೆ. "ಓ, ನೀರುಳ್ಳಿಯಾ!" ಅಂದರು. ಅವತ್ತು ಅಡುಗೆಮನೆಯಲ್ಲಿ ನಿಂತು ಇಬ್ಬರೂ ಅರ್ಧ ಗಂಟೆ ಹೀಗೇ ಒಂದೊಂದು ಸಾಮಾನು ಎತ್ತಿ ಅದರ ಹೆಸರು ಕೇಳಿಕೊಂಡೆವು. ನಾನು ಶೇಂಗಾ ಅಂದರೆ ಅವರು ನೆಲಗಡಲೆ. ನಾನು ಕಸಬರಿಗೆ ಅಂದರೆ ಅವರು ಹಿಡಿಸೂಡಿ. ಇಷ್ಟು ವರ್ಷದ ಸ್ನೇಹ ಶುರುವಾಗಿದ್ದು ಅಲ್ಲಿಂದ.

ಅದಕ್ಕೂ ಮೊದಲು ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿ "ಹೌದ್ರೀ" ಅಂದಾಗಲೆಲ್ಲ ಯಾರಾದರೂ ನಗುತ್ತಿದ್ದರು. ಸುಮ್ನೆ ಯಾಕೆ ಅಂತ ನನ್ನ ಮಾತನ್ನೇ ಬದಲಿಸಿಕೊಂಡೆ. ಮನೆಗೆ ಫೋನ್ ಮಾಡಿದಾಗ ಅವ್ವ "ಯಾಕವ್ವಾ, ಯಾರ ಹಂಗ ಮಾತಾಡಾಕತ್ತಿ?" ಅಂತ ಕೇಳಿದಳು. ಆ ಪ್ರಶ್ನೆ ಈಗಲೂ ನನ್ನನ್ನು ಚುಚ್ಚುತ್ತದೆ. ಅದಕ್ಕೇ ಇವತ್ತು ನಿಮ್ಮಲ್ಲಿ ಒಂದೇ ಕೋರಿಕೆ. ಈ ಹಾಲ್‌ನಲ್ಲಿ ನಿಮ್ಮ ಮನೆಯ ಕನ್ನಡವನ್ನೇ ಆಡಿ. ಅರ್ಥವಾಗದಿದ್ದರೆ ಕೇಳೋಣ. ಯಾರೂ ಯಾರನ್ನೂ ತಿದ್ದುವುದು ಬೇಡ.

1956ರ ನವೆಂಬರ್ 1ಕ್ಕೆ ಮೊದಲು ನಮ್ಮ ಗದಗ ಮುಂಬಯಿ ರಾಜ್ಯದಲ್ಲಿತ್ತು. ಪುತ್ತೂರು ಮದ್ರಾಸಿನಲ್ಲಿತ್ತು. ಕಲಬುರಗಿ, ರಾಯಚೂರು ಹೈದರಾಬಾದಿನ ಕಡೆ. ಮಡಿಕೇರಿ ಕೊಡಗು ರಾಜ್ಯದಲ್ಲಿ, ಮಂಡ್ಯ ಮೈಸೂರಿನಲ್ಲಿ. ಒಂದೊಂದು ಕಡೆ ಒಂದೊಂದು ಕಚೇರಿ ಭಾಷೆ, ಒಂದೊಂದು ನೆರೆಮನೆ. ಮರಾಠಿ, ಉರ್ದು, ತೆಲುಗು, ತುಳು, ತಮಿಳು ಎಲ್ಲವೂ ನಮ್ಮ ಮಾತಿನೊಳಗೆ ಬಂದು ಕೂತವು. ಇದೇನೂ ಹೊಸತಲ್ಲ. 9ನೇ ಶತಮಾನದ ಕವಿರಾಜಮಾರ್ಗದಲ್ಲೇ "ಕನ್ನಡಂಗಳ್" ಅಂತ ಬಹುವಚನ ಇದೆ. ಕನ್ನಡ ಅಲ್ಲ, ಕನ್ನಡಗಳು! ಇವುಗಳ ದೇಸಿ ಬೇರೆ ಬೇರೆ, ಆದ್ದರಿಂದ ತಪ್ಪು ಇಷ್ಟೇ ಅಂತ ತಿಳಿಯಲಾರದೆ ವಾಸುಕಿಗೂ ಬೇಸರವಾದೀತು ಅಂತ ಅಲ್ಲಿ ಬರೆದಿದ್ದಾರೆ. ಹಾವುಗಳ ರಾಜನೇ ಸೋತ ಮೇಲೆ ನಾವು ಯಾಕೆ ತಪ್ಪು ಹುಡುಕಬೇಕು, ಅಲ್ವಾ?

ಇನ್ನು ಮಕ್ಕಳ ವಿಷಯ. ಇಲ್ಲೇ ಹುಟ್ಟಿದ ಮಕ್ಕಳಿಗೆ "ಳ" ಕಷ್ಟ. "ಹಳ್ಳಿ" ಅನ್ನಲು ಹೋಗಿ "ಹಲ್ಲಿ" ಅನ್ನುತ್ತಾರೆ. ದಯವಿಟ್ಟು ನಗಬೇಡಿ. ಅವರು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಕೊಡಿ, ನಿಧಾನವಾಗಿ. ನಗು ಕೇಳಿದ ಮಗು ಮುಂದಿನ ಸಲ ಇಂಗ್ಲಿಷಿಗೆ ಹೋಗುತ್ತದೆ. ನನ್ನ ಮನೆಯಲ್ಲೇ ಇದನ್ನು ನೋಡಿದ್ದೇನೆ.

ಸರಿ, ಈಗ ಎಲ್ಲರೂ ಒಮ್ಮೆ ಎದ್ದು ನಿಲ್ಲಿ. ಗಂಡ ಹೆಂಡತಿ ಒಟ್ಟಿಗೆ ಕೂತಿದ್ದರೆ ಬೇರೆಯಾಗಿ! ನಿಮ್ಮ ಜಿಲ್ಲೆಯವರಲ್ಲದ ಒಬ್ಬರನ್ನು ಹುಡುಕಿ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ನಿಮ್ಮ ಹೆಸರು, ಊರು ಹೇಳಿ. ಆಮೇಲೆ ಒಂದು ಪ್ರಶ್ನೆ: ಚಿಕ್ಕವರಿದ್ದಾಗ ಅಮ್ಮನನ್ನು, ಅಜ್ಜಿಯನ್ನು ಏನಂತ ಕರೆಯುತ್ತಿದ್ದಿರಿ? ಶಿರಸಿ ಕಡೆಯ ಹವ್ಯಕರ ಮನೆಗಳಲ್ಲಿ ಆಯಿ ಅಂದರೆ ಅಮ್ಮ. ವಿಜಯಪುರದ ಕಡೆ ಆಯಿ ಅಂದರೆ ಅಜ್ಜಿ. ಅಬ್ಬೆ ಅನ್ನುವವರೂ ಇಲ್ಲಿದ್ದಾರೆ, ನನಗೆ ಗೊತ್ತು. ಐದು ನಿಮಿಷ ಮಾತಾಡಿ. ಗಂಟೆ ಬಾರಿಸಿದಾಗ ಮತ್ತೊಬ್ಬರ ಹತ್ತಿರ ಹೋಗಿ.

ಹೊಸದಾಗಿ ಕೇಳಿದ ಪ್ರತಿಯೊಂದು ಮಾತನ್ನೂ ಮಕ್ಕಳಿಗೆ ಹೇಳಿ. ಗೋಡೆಗೆ ಅಂಟಿಸಿದ ಆ ದೊಡ್ಡ ಹಾಳೆಯ ಮೇಲೆ ಅವರು ಬರೆಯುತ್ತಾರೆ. ಮಾತಿನ ಪಕ್ಕದಲ್ಲಿ ಊರಿನ ಹೆಸರೂ ಇರಲಿ. ಊಟದ ಹೊತ್ತಿಗೆ ಹಾಳೆ ತುಂಬಬೇಕು.

ಶುರು ನಾನೇ ಮಾಡುತ್ತೇನೆ. ನೋಡಿ, ನನ್ನ ಕೈಯಲ್ಲಿರುವ ಈ ಬಟ್ಟಲು ಕಾಣುತ್ತಿದೆಯಾ? ಹಗುರ, ಬಿಳಿ, ಬಾಯಿಗೆ ಹಾಕಿದರೆ ಕುರುಕುರು. ನಾನು ಇದಕ್ಕೆ ಚುರುಮರಿ ಅನ್ನುತ್ತೇನೆ. ಅಲ್ಲಿ ದಾವಣಗೆರೆಯವರು ಆಗಲೇ ತಲೆ ಆಡಿಸುತ್ತಿದ್ದಾರೆ, ಮಂಡಕ್ಕಿ ಅಂತ. ಮುಂದಿನ ಸಾಲಿನ ಅಜ್ಜಿ, ನೀವು ಮೈಸೂರಿನವರಲ್ವಾ? ಮೈಕ್ ತಗೊಳ್ಳಿ. ನಿಮ್ಮ ಮನೆಯಲ್ಲಿ ಇದಕ್ಕೆ ಏನಂತೀರಿ?