ಸೋದರಮಾವನ ಅಂಗಿ

ಲಗ್ನಪತ್ರಿಕೆ ಕೈಗೆ ಬರುವ ಮೊದಲೇ ಚಂದ್ರುವಿಗೆ ಭಯ ಶುರುವಾಗಿತ್ತು.

"ಪಲ್ಲವಿಗೆ ಗಂಡು ಗೊತ್ತಾಯ್ತು ಕಣೋ. ಡಿಸೆಂಬರ್ ಮೊದಲನೇ ವಾರ. ಧನುರ್ಮಾಸ ಹಿಡಿಯೋಕೆ ಮುಂಚೆ ಮುಗಿಸಿಬಿಡೋಣ ಅಂತ" ಎಂದು ಅಕ್ಕ ಅರಸೀಕೆರೆಯಿಂದ ಫೋನ್ ಮಾಡಿದ್ದಳು. "ಒಳ್ಳೇದಾಯ್ತು ಬಿಡಕ್ಕ" ಎಂದ. ಖುಷಿಯೇನೋ ಆಗಿತ್ತು. ಆದರೆ ಒಳಗೊಳಗೇ ಬೇರೆ ಲೆಕ್ಕ ಓಡುತ್ತಿತ್ತು. ಪಲ್ಲವಿಗೆ ಇರುವವನು ಅವನೊಬ್ಬನೇ ಸೋದರಮಾವ. ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರಬೇಕು. ಓಲಗ ಊದುತ್ತಿರುತ್ತದೆ, ಇಡೀ ಛತ್ರ ತಿರುಗಿ ನೋಡುತ್ತಿರುತ್ತದೆ. ಬಾಗಿಲಿನಿಂದ ಮಂಟಪದವರೆಗೆ ಕಮ್ಮಿ ಅಂದರೂ ನಲವತ್ತು ಹೆಜ್ಜೆ.

ಚಂದ್ರು ತಿಪಟೂರಿನಲ್ಲಿ ಒಂದು ಸರ್ಕಾರಿ ಕಚೇರಿಯ ಗುಮಾಸ್ತ. ಕೂರುವುದು ರೆಕಾರ್ಡ್ ರೂಮಿನಲ್ಲಿ. ಅಲ್ಲಿಗೆ ಹಾಕಿ ಅಂತ ತಾನೇ ಕೇಳಿಕೊಂಡು ಹೋದವನು. ಉಳಿದವರಿಗೆ ಅದು ಶಿಕ್ಷೆ, ಬರೀ ಧೂಳು, ಜಿರಳೆ. ಇವನಿಗೆ ಸ್ವರ್ಗ. ಸಣ್ಣ ಕಿಟಕಿಯಲ್ಲಿ ಅರ್ಜಿ ಒಳಗೆ ಬರುತ್ತದೆ, ಹಳೇ ಪಹಣಿಯ ನಕಲು ಹೊರಗೆ ಹೋಗುತ್ತದೆ. ಊರಿನ ಎಷ್ಟೋ ಜನರಿಗೆ ಅವನ ಕೈ ಗೊತ್ತು, ಮುಖ ಗೊತ್ತಿಲ್ಲ.

ವಯಸ್ಸು ನಲವತ್ತೊಂದು, ಮದುವೆಯಾಗಿಲ್ಲ. ಹಾಗಾಗಿ ಯಾರದೇ ಮದುವೆಗೆ ಹೋದರೂ ಊಟಕ್ಕೆ ಮುಂಚೆ ಒಂದು ಸಲ, ಎಲೆ ಎತ್ತಿದ ಮೇಲೆ ಒಂದು ಸಲ ಅದೇ ಪ್ರಶ್ನೆ. ಕಣ್ಣಿಗೆ ಬಿದ್ದರೆ ತಾನೇ ಕೇಳುವುದು? ಕಣ್ಣಿಗೇ ಬೀಳಬಾರದು. ಅದಕ್ಕೆ ಬಟ್ಟೆ ಸರಿಯಾಗಿರಬೇಕು. ಜಾಸ್ತಿ ಮಿಂಚಬಾರದು, ಕೊಳಕಾಗಿಯೂ ಇರಬಾರದು. ನೋಡಿದವರ ಕಣ್ಣು ಜಾರಿ ಪಕ್ಕದವರ ಮೇಲೆ ಹೋಗಬೇಕು, ಅಂಥ ಬಟ್ಟೆ.

ಹಳೇ ಸುತ್ತೋಲೆಯೊಂದರ ಹಿಂಬದಿಯಲ್ಲಿ ಟಿಪ್ಪಣಿ ಬರೆಯಲು ಕೂತ. ಹದಿನಾರು ವರ್ಷದ ಸರ್ವೀಸು, ಬೇರೆ ರೀತಿ ಬರೆಯಲು ಕೈಗೆ ಬರುವುದಿಲ್ಲ. 'ವಿಷಯ: ಮುಹೂರ್ತದ ದಿನದ ಉಡುಪಿನ ಬಗ್ಗೆ.' ಕೆನೆಬಣ್ಣದ ರೇಷ್ಮೆ ಅಂಗಿ, ಏಕೆಂದರೆ ಛತ್ರದಲ್ಲಿ ಅರ್ಧಕ್ಕರ್ಧ ಗಂಡಸರು ಅದನ್ನೇ ಹಾಕಿರುತ್ತಾರೆ. ಸಣ್ಣ ಜರಿಯ ಪಂಚೆ, ಜಾರದ ಹಾಗೆ ಒಳಗೆ ಬೆಲ್ಟು. ಎಡ ಹೆಗಲಿಗೆ ಶಲ್ಯ. ಪಿನ್ನು ಎರಡು, ಹೆಚ್ಚುವರಿ ಎರಡು. ಕೊನೆಯಲ್ಲಿ 'ಆದೇಶಕ್ಕಾಗಿ ಮಂಡಿಸಿದೆ' ಎಂದು ಬರೆದು, ಕೆಳಗೆ ತಾನೇ 'ಒಪ್ಪಿದೆ' ಎಂದು ಹಾಕಿ ರುಜು ಮಾಡಿದ.

ಅಂಗಿ ಎರಡು ಸಲ ದರ್ಜಿಯ ಹತ್ತಿರ ಹೋಗಿ ಬಂತು. ಕಾಲರು ಒಂದು ನೂಲು ಬಿಗಿ ಅನಿಸಿತ್ತು. ಮೂರನೇ ಸಲ ಹೇಳಲು ನಾಚಿಕೆಯಾಗಿ, ಮೇಲಿನ ಗುಂಡಿ ಹಾಕದೇ ಇದ್ದರಾಯ್ತು ಎಂದು ಸುಮ್ಮನಾದ. ರಾತ್ರಿ ಕನ್ನಡಿಯ ಮುಂದೆ ಪಂಚೆ ಉಟ್ಟು, ಅಡುಗೆಮನೆಯಿಂದ ಬಾಗಿಲಿನವರೆಗೆ ನಡೆದು ನೋಡಿದ. ಒಂದು ಕೈ ಪಕ್ಕಕ್ಕೆ ಚಾಚಿ, ಇಲ್ಲದ ಪಲ್ಲವಿಯ ಕೈ ಹಿಡಿದು ನಡೆದ. ಎದುರುಮನೆಯ ಹುಡುಗ ಕಿಟಕಿಯಿಂದ ನೋಡುತ್ತಿದ್ದದ್ದು ಗೊತ್ತಾದ ಮೇಲೆ ದೀಪ ಆರಿಸಿ ನಡೆದ.

ಟಿಪ್ಪಣಿಯಲ್ಲಿ ಇಲ್ಲದ ವಸ್ತು ಒಂದೇ, ಎಣ್ಣೆ.

ಅಮ್ಮ ಇದ್ದಾಗ ವರ್ಷಕ್ಕೆರಡು ಸಲ ಕೊಬ್ಬರಿ ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸುತ್ತಿದ್ದಳು. ಅದಕ್ಕೆ ಮೆಂತ್ಯ, ಒಂದು ಹಿಡಿ ಮರುಗ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ, ಸೋಸಿ ಮಗಳಿಗೆ ಕಳಿಸುತ್ತಿದ್ದಳು. ಅಮ್ಮ ಹೋಗಿ ಎರಡು ವರ್ಷ. ಎಣ್ಣೆಯೂ ನಿಂತುಹೋಗಿತ್ತು. ಮದುವೆಗೆ ಏನಾದರೂ ತೆಗೆದುಕೊಂಡು ಹೋಗಬೇಕಲ್ಲ ಎಂದು ಯೋಚಿಸುವಾಗ ಅದು ನೆನಪಾಗಿ, ಚಂದ್ರು ತಾನೇ ಮಾಡಿದ. ಮೊದಲ ಸಲದ ಮೆಂತ್ಯ ಸೀದುಹೋಯಿತು. ಎರಡನೆಯದು ಸರಿಹೋಯಿತು, ಅಥವಾ ಅವನ ಮೂಗಿಗೆ ಹಾಗನಿಸಿತು. ಒಂದು ಲೀಟರಿನ ಬಾಟಲಿಗೆ ತುಂಬಿಸಿದ.

ಹೊರಟ ದಿನ ಬೆಳಿಗ್ಗೆ ತಿಪಟೂರಿನಲ್ಲಿ ಒಳ್ಳೇ ಚಳಿ. ಎಣ್ಣೆ ಗಟ್ಟಿಯಾಗಿ ಬೆಳ್ಳಗೆ ಮೇಣದ ಹಾಗೆ ಕೂತಿತ್ತು. ಬಾಟಲಿಯನ್ನು ತಲೆಕೆಳಗೆ ಮಾಡಿ ನೋಡಿದ. ಒಂದು ಹನಿ ಕೂಡ ಇಲ್ಲ. ಭೇಷ್ ಎಂದುಕೊಂಡು ಬ್ಯಾಗಿನಲ್ಲಿಟ್ಟ. ಬಿದ್ದು ಒಡೆಯದಿರಲಿ ಎಂದು ಪಕ್ಕದಲ್ಲಿ ಮೆತ್ತಗಿನದು ಏನಾದರೂ ಬೇಕಿತ್ತು. ಮೆತ್ತಗಿದ್ದದ್ದು ರೇಷ್ಮೆ ಅಂಗಿ.

ರೈಲಿನಲ್ಲಿ ಅರಸೀಕೆರೆ ಅರ್ಧ ಗಂಟೆಯ ದಾರಿ. ಛತ್ರದಲ್ಲಿ ಗಂಡಸರಿಗೆ ಕೊಟ್ಟ ಕೋಣೆಯ ಕಿಟಕಿ ಪಡುವಣಕ್ಕೆ. ಬ್ಯಾಗನ್ನು ಯಾರೂ ತುಳಿಯದ ಹಾಗೆ ಆ ಕಿಟಕಿಯ ಕಟ್ಟೆಯ ಮೇಲಿಟ್ಟ. ಮಧ್ಯಾಹ್ನದ ಬಿಸಿಲು ಎರಡು ಗಂಟೆಯಿಂದ ಐದರವರೆಗೆ ಅಲ್ಲೇ ಕೂತಿತ್ತು. ಎಣ್ಣೆ ಕರಗಿತು. ಮುಚ್ಚಳ ಎಷ್ಟು ಸಡಿಲ ಎಂದು ಪರೀಕ್ಷೆಯಾದದ್ದು ಆಗಲೇ.

ಅಷ್ಟು ಹೊತ್ತು ಚಂದ್ರು ಬಾಳೆಎಲೆಯ ಕಟ್ಟು ಹೊರುತ್ತಿದ್ದ. ಕೆಲಸ ಮಾಡುವವರನ್ನು ಯಾರೂ ಮಾತಾಡಿಸುವುದಿಲ್ಲ, ಅದು ಅವನು ಕಂಡುಕೊಂಡ ಗುಟ್ಟು. ಆರತಕ್ಷತೆಯಲ್ಲಿ ನೀರು ಬಡಿಸಿದ. ಬೆವರಾಯಿತೆಂದು ಹಾಕಿಕೊಂಡಿದ್ದ ಅಂಗಿಯನ್ನು ರಾತ್ರಿಯೇ ಒಗೆದು ಹರವಿದ. ಅಚ್ಚುಕಟ್ಟು ಮನುಷ್ಯ, ಏನು ಮಾಡುವುದು. ಬನಿಯನ್ನಿನ ಮೇಲೆ ಶಾಲು ಹೊದ್ದು ಮಲಗಿದ.

ಬೆಳಿಗ್ಗೆ ಐದಕ್ಕೆ ಸ್ನಾನ ಮುಗಿಸಿ, ಪಂಚೆ ಉಟ್ಟು ಬ್ಯಾಗಿನಿಂದ ಅಂಗಿ ತೆಗೆದರೆ, ಬಲಗಡೆ ಎದೆಯಿಂದ ಸೊಂಟದವರೆಗೆ ತಣ್ಣಗೆ, ದಪ್ಪಗೆ, ಬೆಳ್ಳಗೆ ಏನೋ ಹತ್ತಿತ್ತು. ಕರಗಿ ಚೆಲ್ಲಿದ್ದ ಎಣ್ಣೆ ರಾತ್ರಿಯ ಚಳಿಗೆ ಮತ್ತೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೆ ಪದರ ಎದ್ದು ಬಂತು, ಕೆಳಗೆ ಬಟ್ಟೆ ಗಾಜಿನ ಹಾಗೆ ಪಾರದರ್ಶಕವಾಗಿತ್ತು. ಅಂಗಿ ಎತ್ತಿ ಬಲ್ಬಿನ ಎದುರು ಹಿಡಿದ. ಗ್ರಾಮನಕ್ಷೆಯಲ್ಲಿ ಕೆರೆ ತೋರಿಸುತ್ತಾರಲ್ಲ, ಥೇಟ್ ಹಾಗೇ. ಜೇಬಿನ ಹತ್ತಿರ ಒಂದು ಹಳ್ಳ ಬೇರೆ ಹರಿದಿತ್ತು. ಇಡೀ ಬಲಭಾಗ ಬಿ ಖರಾಬು ಎಂದುಕೊಂಡ. ಸಾಗುವಳಿಗೆ ಬರದ, ಯಾರ ಹೆಸರಿಗೂ ಆಗದ ಜಾಗ.

ಹೊರಗೆ ಹರವಿದ್ದ ಅಂಗಿ ಮುಟ್ಟಿ ನೋಡಿದ. ಇಬ್ಬನಿಗೆ ಇನ್ನಷ್ಟು ಒದ್ದೆಯಾಗಿತ್ತು.

ಬಾವನನ್ನು ಕೇಳಿದ್ದರೆ ಇನ್ನೊಂದು ಅಂಗಿ ಸಿಗುತ್ತಿತ್ತು. ಆದರೆ ಬಾವ ಬೀಗರ ಮಧ್ಯೆ ನಿಂತಿದ್ದರು. ಅವರನ್ನು ಕರೆದು, ಪಕ್ಕಕ್ಕೆ ಒಯ್ದು, "ನನ್ನ ಅಂಗಿಗೆ ಎಣ್ಣೆ ಚೆಲ್ಲಿದೆ" ಎನ್ನುವ ನಾಲ್ಕು ಮಾತನ್ನು ಬಾಯಲ್ಲೇ ಜೋಡಿಸಿಕೊಂಡು ಎರಡು ಸಲ ಹತ್ತಿರ ಹೋದ. ಎರಡು ಸಲವೂ "ಕಾಫಿ ಆಯ್ತಾ ಬಾವ?" ಎಂದು ಕೇಳಿ ವಾಪಸ್ ಬಂದ.

ನೆಂಟರಿಲ್ಲದ ಜಾಗ ಒಂದೇ, ಅಡುಗೆಮನೆ. ಅಲ್ಲಿ ದೊಡ್ಡ ಹಂಡೆಯ ಮುಂದೆ ಕೂತಿದ್ದ ಅಡುಗೆ ರುದ್ರಣ್ಣನಿಗೆ ಏನೂ ಹೇಳಬೇಕಾಗಲಿಲ್ಲ. ಅಂಗಿ ಇಸಿದುಕೊಂಡು ಮೂಸಿ ನೋಡಿದ.

"ಕೊಬ್ಬರಿ ಎಣ್ಣೆ. ಮರುಗ ಹಾಕವ್ರೆ. ಒಳ್ಳೇ ಎಣ್ಣೆ ಸ್ವಾಮಿ, ಎಲ್ಲಿದು?"

"ನಾನೇ ಮಾಡಿದ್ದು."

"ಹಂಗಾದ್ರೆ ಬೈಯಂಗಿಲ್ಲ ಬಿಡಿ."

ರುದ್ರಣ್ಣ ಬೋಂಡಾಕ್ಕೆ ಇಟ್ಟಿದ್ದ ಕಡ್ಲೆಹಿಟ್ಟನ್ನು ಎರಡು ಬೊಗಸೆ ಸುರಿದು ಉಜ್ಜಿದ. ಹಿಟ್ಟು ಎಣ್ಣೆ ಹೀರಿ ಉಂಡೆಯುಂಡೆಯಾಗಿ ಉದುರಿತು. ಮತ್ತೆ ಸುರಿದ, ಮತ್ತೆ ಉಜ್ಜಿದ. ಜಿಡ್ಡು ಅರ್ಧ ಹೋಯಿತು. ಕಲೆ ಹೋಗಲಿಲ್ಲ, ಅಂಚಿಗೆ ಹಳದಿ ಗೆರೆಯೊಂದು ಹೊಸದಾಗಿ ಸೇರಿಕೊಂಡಿತು. "ಬಿಸಿ ಮುಟ್ಟಿಸಿದ್ರೆ ಸರಿಹೋಗ್ತದೆ" ಎಂದು ಯಾರೋ ಇಸ್ತ್ರಿಪೆಟ್ಟಿಗೆ ತಂದುಕೊಟ್ಟರು. ಬಿಸಿ ಮುಟ್ಟಿಸಿದರು. ಕೆರೆ ಕೋಡಿ ಬಿತ್ತು.

ಅಷ್ಟರಲ್ಲಿ ಮೈಕು ಕೆಮ್ಮಿತು.

"ಮದುಮಗಳ ಸೋದರಮಾವ ಎಲ್ಲಿದ್ದರೂ ಬರಬೇಕು. ಮುಹೂರ್ತಕ್ಕೆ ಹೊತ್ತಾಗ್ತಾ ಇದೆ. ತಿಪಟೂರಿನ ಚಂದ್ರಶೇಖರ್ ಅವರು, ಎಲ್ಲಿದ್ದರೂ ಬರಬೇಕು."

ಹುಟ್ಟಿದ ಮೇಲೆ ಅವನ ಹೆಸರನ್ನು ಅಷ್ಟು ಜೋರಾಗಿ ಯಾರೂ ಕರೆದಿರಲಿಲ್ಲ. ಅಂಗಿ ಹಾಕಿದ. ಬೆಚ್ಚಗೆ ಮೈಗೆ ಅಂಟಿತು. ಶಲ್ಯವನ್ನು ಎಡದಿಂದ ಬಲಕ್ಕೆ ಬದಲಾಯಿಸಿ, ನಾಲ್ಕೂ ಪಿನ್ನು ಚುಚ್ಚಿ ಓಡಿದ.

ಪಲ್ಲವಿ ಬಾಗಿಲಲ್ಲಿ ಬಾಸಿಂಗ ಕಟ್ಟಿಸಿಕೊಂಡು ತಲೆ ತಗ್ಗಿಸಿ ನಿಂತಿದ್ದಳು. ಅವನು ಕೈ ಹಿಡಿದ. ಅವಳ ಬೆರಳು ತಣ್ಣಗಿತ್ತು, ನಡುಗುತ್ತಿತ್ತು. ತನ್ನದೂ ನಡುಗುತ್ತಿತ್ತೇನೋ, ಯಾರದ್ದು ಯಾವುದು ಎಂದು ಗೊತ್ತಾಗಲಿಲ್ಲ. ಓಲಗ ಎದ್ದಿತು. ಹತ್ತು ಹೆಜ್ಜೆ ಹೋಗಿರಬಹುದು. ವಿಡಿಯೋದವನು ಹಿಮ್ಮುಖವಾಗಿ ನಡೆಯುತ್ತಾ ಕೈ ಆಡಿಸಿದ. "ಸಾರ್, ಸಾರ್, ಆ ಶಲ್ಯ ಸ್ವಲ್ಪ ಹಿಂದಕ್ಕೆ ತಗೊಳ್ಳಿ. ಹುಡುಗಿ ಮುಖಕ್ಕೆ ಅಡ್ಡ ಬರ್ತಿದೆ."

ಚಂದ್ರು ಕೇಳಿಸದವನ ಹಾಗೆ ನಡೆದ. ವಿಡಿಯೋದವನು ತಾನೇ ಕೈ ಹಾಕಿ ಎಳೆದ. ನಾಲ್ಕು ಪಿನ್ನಿನಲ್ಲಿ ಎರಡು ಬಂದವು.

ಮಂಟಪದ ಪಕ್ಕದ ದೊಡ್ಡ ಪರದೆಯಲ್ಲಿ ಎಂಟಡಿ ಎತ್ತರದ ಚಂದ್ರು ಕಾಣಿಸಿದ. ಅವನ ಕೆರೆಯೂ ಕಾಣಿಸಿತು, ಕೋಡಿಯ ಸಮೇತ. ಮುಂದಿನ ಸಾಲಿನಲ್ಲಿ ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡದ್ದನ್ನು ಅವನು ನೋಡಿದ. ಕಾಲು ಅಲ್ಲೇ ನಿಂತುಬಿಟ್ಟಿತು.

"ಮಾಮ" ಎಂದಳು ಪಲ್ಲವಿ, ತಲೆ ಎತ್ತದೆ. "ಅಜ್ಜಿ ಎಣ್ಣೆ ವಾಸನೆ ಬರ್ತಿದೆ. ನಿನ್ನ ಹತ್ರನಾ?"

"ಹೂಂ ಕಣೆ. ಬ್ಯಾಗಲ್ಲಿ ಚೆಲ್ಲಿಬಿಡ್ತು."

"ಎಷ್ಟು?"

"ಪೂರ್ತಿ ಅಂಗಿ ಮೇಲೆ."

ಬಾಸಿಂಗದ ಮುತ್ತುಗಳು ಅಲ್ಲಾಡತೊಡಗಿದವು. ಅಳುತ್ತಿದ್ದಾಳೆ ಎಂದುಕೊಂಡ ಹೆಂಗಸರು ತಾವೂ ಸೆರಗು ಕಣ್ಣಿಗೆ ಒತ್ತಿದರು. ಅವಳು ನಗುತ್ತಿದ್ದಳು. ನಕ್ಕು ನಕ್ಕು ಅವನ ಕೈ ಗಟ್ಟಿಯಾಗಿ ಹಿಡಿದು, "ನಡಿ ಮಾಮ, ಇಲ್ಲಾಂದ್ರೆ ಇಲ್ಲೇ ಕೂತ್ಬಿಡ್ತೀನಿ" ಎಂದಳು. ಉಳಿದ ಮೂವತ್ತು ಹೆಜ್ಜೆ ಅವಳೇ ಎಳೆದುಕೊಂಡು ಹೋದಳು.

ಸಂಜೆ ಹೊರಡುವ ಹೊತ್ತಿಗೆ ಅಕ್ಕನಿಗೆ ಬಾಟಲಿ ಕೊಟ್ಟ. ಅಕ್ಕ ಅದನ್ನು ಎತ್ತಿ ನೋಡಿದಳು.

"ಮುಕ್ಕಾಲೇ ಇದೆಯಲ್ಲೋ. ಮಿಕ್ಕಿದ್ದು?"

ಅವನು ಎದೆಯ ಕಡೆ ಕೈ ತೋರಿಸಿದ. ಅಕ್ಕ ಅಂಗಿಯ ಅಂಚನ್ನು ಎತ್ತಿ ಮೂಗಿಗೆ ಹಿಡಿದಳು. ಸುಮಾರು ಹೊತ್ತು ಬಿಡಲಿಲ್ಲ. ಆಚೆ ಪಾತ್ರೆ ತೊಳೆಯುವ ಸದ್ದು.

"ಮೆಂತ್ಯ ಸ್ವಲ್ಪ ಜಾಸ್ತಿ ಕಾಯ್ಸಿದ್ದೀಯ" ಎಂದಳು ಕೊನೆಗೆ. "ಇದನ್ನ ಬಿಚ್ಚಿ ಇಲ್ಲೇ ಬಿಟ್ಟು ಹೋಗು."

"ನಾನೇನು ಹಾಕ್ಕೊಳ್ಳಲಿ?"

"ನಿಮ್ಮ ಬಾವಂದು ಹಾಕ್ಕೋ."

ಬಾವನ ಅಂಗಿಯಲ್ಲಿ ಇಬ್ಬರು ಚಂದ್ರು ಹಿಡಿಸುತ್ತಿದ್ದರು. ತೋಳು ಮೂರು ಮಡಿಕೆ ಮಡಚಿದರೂ ಜಾರಿ ಜಾರಿ ಬೆರಳು ಮುಚ್ಚುತ್ತಿತ್ತು. ಅರಸೀಕೆರೆ ಸ್ಟೇಷನ್ನಿನ ಟಿಕೆಟ್ ಕಿಟಕಿಯಲ್ಲಿ ಕೈ ಒಳಗೆ ತೂರಿಸಿದರೆ ಒಳಗಿದ್ದವರಿಗೆ ಕಂಡದ್ದು ಬರೀ ತೋಳು, ಅದರ ತುದಿಯಲ್ಲಿ ಐವತ್ತರ ನೋಟು.

"ಎಲ್ಲಿಗ್ರಿ?"

"ತಿಪಟೂರು" ಎಂದ ಚಂದ್ರು. ಮೂಗಿನ ಹತ್ತಿರ ಇನ್ನೂ ಮರುಗದ ವಾಸನೆ ಇತ್ತು.